ತಂಬಾಕಿನ ಚಂಚಿ ಮತ್ತು ಮನೆಯವರು

ನಾನು 22 ವರ್ಷ ಸುಣ್ಣ ತಿಕ್ಕಿ ತಂಬಾಕು ಅಗಿದವನು. ಆ ಅನುಭವದಿಂದಲೇ ಹೇಳುತ್ತೇನೆ, ಮನೆಯ ಯಜಮಾನರಿಗೆ ಕ್ಯಾನ್ಸರಿನ ಉಪದೇಶ ಮಾಡಬೇಡಿ. ಪೊಟ್ಟಣದ ಮೇಲಿನ ಚಿತ್ರವನ್ನು ಎಲ್ಲರಿಗಿಂತ ಹೆಚ್ಚು ಸಲ ನೋಡುವವರು ಅವರೇ.

ನನ್ನ ಧರ್ಮಪತ್ನಿ ಬೈದಷ್ಟೂ ನಾನು ಚಂಚಿಯನ್ನು ದನದ ಕೊಟ್ಟಿಗೆಯಲ್ಲಿ ಬಚ್ಚಿಡುತ್ತಿದ್ದೆ. ಚಟ ಹೋಗಲಿಲ್ಲ, ಅದರ ಜೊತೆಗೆ ಸುಳ್ಳು ಸೇರಿತು.

ಒಂದು ಸಂಜೆ ಮಗಳು ಬೇರೆ ರೀತಿ ಕೇಳಿದಳು: "ಅಪ್ಪಾ, ದಿನಕ್ಕ ಯಾವ್ಯಾವ ಹೊತ್ತಿಗೆ ಹಾಕೋತೀರಿ?" ನನಗೇ ಗೊತ್ತಿರಲಿಲ್ಲ. ಕ್ಯಾಲೆಂಡರಿನಲ್ಲಿ ನಾನೇ ಗೆರೆ ಎಳೆಯತೊಡಗಿದೆ. ಮೊದಲ ದಿನ 14 ಗೆರೆ. ಮೊದಲನೆಯದು ಹಾಸಿಗೆಯಿಂದ ಎದ್ದ ಕೂಡಲೇ. "ಲಿಂಗಪೂಜೆಗೆ ಕೂತಾಗ ಬೇಕನಸ್ತದೇನ್ರಿ?" ಎಂದಳು. ಇಲ್ಲ, ಅನಿಸುತ್ತಿರಲಿಲ್ಲ. ಸರಿ, ಮೊದಲ ಚಿಟಿಕೆಯನ್ನು ಪೂಜೆಯ ನಂತರಕ್ಕೆ ತಳ್ಳಿದೆ, ಆಮೇಲೆ ನಾಷ್ಟಾದ ನಂತರಕ್ಕೆ. ತಿಂಗಳಲ್ಲಿ ಗೆರೆ ಆರಕ್ಕೆ ಇಳಿಯಿತು.

ಪೂರ್ತಿ ಬಿಡುವ ದಿನವನ್ನು ನಾನೇ ಗೊತ್ತು ಮಾಡಿದೆ. ಮಗಳು 1800-11-2356ಕ್ಕೆ ನನ್ನಿಂದಲೇ ಫೋನ್ ಮಾಡಿಸಿದಳು. ಅದು ಸರಕಾರದ ಉಚಿತ ಸಹಾಯವಾಣಿ. ವೈದ್ಯರು ನಿಕೋಟಿನ್ ಗಮ್ ಬರೆದುಕೊಟ್ಟರು. ನಾನೋ ಅದನ್ನು ತಂಬಾಕಿನಂತೆಯೇ ಜಗಿದು ಬಿಕ್ಕಳಿಕೆ, ಎದೆಯುರಿ ಅನುಭವಿಸಿದೆ. ನಾಲ್ಕಾರು ಸಲ ಮೆಲ್ಲಗೆ ಜಗಿದು, ಚುರುಕು ಹತ್ತಿದಾಗ ದವಡೆಯ ಸಂದಿಯಲ್ಲಿ ಇಟ್ಟುಕೊಳ್ಳಬೇಕು, ಚುರುಕು ಇಳಿದ ಮೇಲೆ ಮತ್ತೆ ಜಗಿಯಬೇಕು.

ಮನೆಯವರ ನಿಜವಾದ ಪರೀಕ್ಷೆ ಮೊದಲ ವಾರ. ನಿದ್ದೆ ಇಲ್ಲ, ಮಲಬದ್ಧತೆ, ಸಣ್ಣ ಮಾತಿಗೂ ಸಿಟ್ಟು. ರೊಟ್ಟಿ ತಣ್ಣಗಿದೆ ಎಂದು ತಾಟು ಸರಿಸಿದ್ದೆ. ಪತ್ನಿ ಅಂದು ಎದುರು ಮಾತಾಡಲಿಲ್ಲ. ಅದು ನಿಕೋಟಿನ್ ಇಲ್ಲದ ಸಿಟ್ಟು ಎಂದು ಮಗಳು ಮೊದಲೇ ಹೇಳಿಟ್ಟಿದ್ದಳು. (ತಟ್ಟೆ ಸರಿಸಿದ್ದು ತಪ್ಪೇ, ಆಮೇಲೆ ಕ್ಷಮೆ ಕೇಳಿದೆ.) ಬೇಕೆನ್ನುವ ಹಪಾಹಪಿ ಕೆಲವೇ ನಿಮಿಷದ್ದು. ಅಷ್ಟು ಹೊತ್ತು ಆಕೆ ನೀರು ಕೊಟ್ಟು ಏನಾದರೂ ಕೆಲಸ ಹೇಳುತ್ತಿದ್ದಳು.

ಎರಡು ತಿಂಗಳ ಮೇಲೆ ಒಂದು ಮದುವೆಯಲ್ಲಿ ಗೆಳೆಯರ ಜೊತೆ ಮತ್ತೆ ಹಾಕಿದೆ. ಮನೆಗೆ ಬಂದು ಹೇಳಿದೆ. "ಯಾರ ಜೋಡಿ ಕೂತಾಗ?" ಎಂದಷ್ಟೇ ಕೇಳಿದಳು. ಮುಂದಿನ ಮದುವೆಗೆ ತಾನೂ ಬಂದು ಪಕ್ಕದಲ್ಲೇ ಕೂತಳು.

ಒಂದು ಸಂದರ್ಭದಲ್ಲಿ ಮಾತ್ರ ಈ ಗೆರೆಯ ಲೆಕ್ಕಕ್ಕೆ ಕಾಯಬಾರದು. ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು, ಮೂರು ಬೆರಳು ಹೋಗುವಷ್ಟು ಬಾಯಿ ತೆರೆಯದಿರುವುದು ಕಂಡರೆ ಆ ವಾರವೇ ದಂತವೈದ್ಯರಲ್ಲಿಗೆ ಕರೆದೊಯ್ಯಿರಿ. ಆಗಲೂ ಬೈಯುತ್ತಾ ಹೋಗಬೇಡಿ, ಜೊತೆಗೆ ಹೋಗಿ.