ಹತ್ತು ಪಟ್ಟು ಅಂದ್ರು, ಸಿಕ್ಕಿದ್ದು ಹದಿಮೂರು ಪರ್ಸೆಂಟ್

2023ರಲ್ಲಿ ಆನರ್ ಕಂಪನಿ ಮ್ಯಾಜಿಕ್5 ಪ್ರೊ ಅನ್ನೋ ಫೋನ್ ಬಿಡುಗಡೆ ಮಾಡಿತು. ಯೂರೋಪಿನಲ್ಲಿ ಮಾರಿದ ಫೋನಿನಲ್ಲಿ 5100 ಎಂಎಎಚ್ ಬ್ಯಾಟರಿ ಇತ್ತು. ಚೀನಾದಲ್ಲಿ ಮಾರಿದ ಅದೇ ಫೋನಿನಲ್ಲಿ 5450. ಹೆಸರು ಒಂದೇ, ದಪ್ಪವೂ ಒಂದೇ. ಬೇರೆಯಾಗಿದ್ದು ಬ್ಯಾಟರಿಯ ಒಳಗಿನ ಒಂದು ಪದರ ಮಾತ್ರ. ಚೀನಾದ ಫೋನಿನಲ್ಲಿ ಸಿಲಿಕಾನ್-ಕಾರ್ಬನ್ ಬ್ಯಾಟರಿ ಹಾಕಿದ್ರು.

ಆಮೇಲೆ ಇದು ಎಲ್ಲ ಕಡೆ ಬಂತು. ಒನ್‌ಪ್ಲಸ್ 12ರಲ್ಲಿ 5400 ಎಂಎಎಚ್ ಇದ್ದದ್ದು 13ರಲ್ಲಿ 6000 ಆಯ್ತು, ಫೋನ್ ಮಾತ್ರ ಇನ್ನೂ ತೆಳ್ಳಗಾಯ್ತು. ಈಗಂತೂ 7000 ದಾಟಿದ ಫೋನು ನಮ್ಮ ಕ್ಲಾಸಲ್ಲೇ ಇದೆ. ಕ್ಯಾಂಟೀನಲ್ಲಿ ಫೋನ್ ಮಾತು ಬಂದ್ರೆ ಯಾರಾದ್ರೂ ಒಬ್ರು "ಸಿಲಿಕಾನ್ ಗ್ರಾಫೈಟ್‌ಗಿಂತ ಹತ್ತು ಪಟ್ಟು ಮಗಾ" ಅಂತ ಹೇಳೇ ಹೇಳ್ತಾರೆ. ಹತ್ತು ಪಟ್ಟು ಅನ್ನೋದು ಸುಳ್ಳಲ್ಲ. ಹಾಗಾದ್ರೆ 5100 ಇದ್ದದ್ದು 51,000 ಯಾಕೆ ಆಗ್ಲಿಲ್ಲ, ಬರೀ 5450 ಯಾಕಾಯ್ತು? ಈ ಪ್ರಶ್ನೆಗೆ ಉತ್ತರ ಹುಡುಕ್ತಾ ಹೋದಾಗ ನಮಗೆ ಅನ್ನಿಸಿದ್ದು ಇಷ್ಟು: ಬಾಕ್ಸ್ ಮೇಲೆ ದಪ್ಪಕ್ಷರದಲ್ಲಿ ಬರೆಯೋ ಎಂಎಎಚ್ ಸಂಖ್ಯೆಗಿಂತ, ಬರೆಯದೇ ಬಿಡೋ ಇನ್ನೆರಡು ಸಂಖ್ಯೆಗಳನ್ನ ನಾವು ಕೇಳಬೇಕು.

ಮೊದಲು ಹತ್ತು ಪಟ್ಟಿನ ಲೆಕ್ಕ ನೋಡೋಣ. ಚಾರ್ಜ್ ಮಾಡಿದಾಗ ಲಿಥಿಯಂ ಕ್ಯಾಥೋಡ್ ಬಿಟ್ಟು ಆನೋಡ್‌ಗೆ ಬಂದು ಕೂರತ್ತೆ. ಹಳೆಯ ಬ್ಯಾಟರಿಗಳಲ್ಲಿ ಆನೋಡ್ ಅಂದ್ರೆ ಗ್ರಾಫೈಟ್. ಅದರಲ್ಲಿ ಕಾರ್ಬನ್ ಪುಸ್ತಕದ ಹಾಳೆಗಳ ಥರ ಜೋಡಿಸಿಕೊಂಡಿರತ್ತೆ, ಲಿಥಿಯಂ ಹಾಳೆಗಳ ನಡುವೆ ನುಸುಳತ್ತೆ. ಆದ್ರೆ ಒಂದು ಲಿಥಿಯಂ ಪರಮಾಣುವಿಗೆ ಆರು ಕಾರ್ಬನ್ ಬೇಕು. ಹಾಗಾಗಿ ಒಂದು ಗ್ರಾಂ ಗ್ರಾಫೈಟ್‌ನ ಗರಿಷ್ಠ ಮಿತಿ 372 ಎಂಎಎಚ್. ಸಿಲಿಕಾನ್ ಹಾಗಲ್ಲ, ಅದು ಲಿಥಿಯಂ ಜೊತೆ ಮಿಶ್ರಲೋಹವೇ ಆಗಿಬಿಡತ್ತೆ. ನಾಲ್ಕು ಸಿಲಿಕಾನ್ ಪರಮಾಣು ಸೇರಿ ಹದಿನೈದು ಲಿಥಿಯಂ ಹಿಡಿದುಕೊಳ್ತವೆ. ಗ್ರಾಂಗೆ ಸುಮಾರು 3580 ಎಂಎಎಚ್. ಹತ್ತು ಪಟ್ಟು ಬಂದಿದ್ದು ಇಲ್ಲಿಂದ.

ಈಗ ಇದನ್ನ ಒಂದು ಫೋನ್ ಬ್ಯಾಟರಿಗೆ ಹಾಕಿ ನೋಡೋಣ. ಅಂಕಿಗಳು ನಾವು ಹಿಡಿದ ಅಂದಾಜು, ಆದ್ರೆ ದಾರಿ ಸರಿಯಾಗಿದೆ. 5000 ಎಂಎಎಚ್ ಬ್ಯಾಟರಿ ಹೆಚ್ಚುಕಡಿಮೆ 26 ಘನ ಸೆಂಟಿಮೀಟರ್ ಜಾಗ ತಗೊಳ್ಳತ್ತೆ. ಅದರ ಗ್ರಾಫೈಟ್ ಗ್ರಾಂಗೆ 360 ಕೊಡತ್ತೆ ಅಂದ್ಕೊಂಡ್ರೆ ಸುಮಾರು 14 ಗ್ರಾಂ ಬೇಕು. ಒತ್ತಿ ಕೂರಿಸಿದ ಆನೋಡ್ ಪದರದ ಸಾಂದ್ರತೆ 1.7 ಅಂದ್ರೆ 8 ಘನ ಸೆಂಟಿಮೀಟರ್‌ಗಿಂತ ಸ್ವಲ್ಪ ಜಾಸ್ತಿ ಜಾಗ. ಮಿಕ್ಕಿದ್ದೆಲ್ಲ ಕ್ಯಾಥೋಡ್, ತಾಮ್ರ ಮತ್ತು ಅಲ್ಯೂಮಿನಿಯಂ ಹಾಳೆ, ಸೆಪರೇಟರ್, ಹೊರಗಿನ ಹೊದಿಕೆ. ಅವುಗಳನ್ನ ಸಿಲಿಕಾನ್ ಮುಟ್ಟೋದೇ ಇಲ್ಲ. ಅಂದ್ರೆ ಆನೋಡ್ ಪೂರ್ತಿ ಮಾಯವಾದ್ರೂ ಉಳಿಯೋದು ಮೂರನೇ ಒಂದು ಭಾಗ ಜಾಗ ಅಷ್ಟೇ.

ಈ ಆನೋಡ್‌ನಲ್ಲಿ ತೂಕದ 10 ಪರ್ಸೆಂಟ್ ಸಿಲಿಕಾನ್ ಹಾಕಿದ್ವಿ ಅನ್ನಿ. 90 ಭಾಗ ಗ್ರಾಫೈಟ್‌ನಿಂದ 324, 10 ಭಾಗ ಸಿಲಿಕಾನ್‌ನಿಂದ ಸುಮಾರು 350, ಒಟ್ಟು ಗ್ರಾಂಗೆ 674. ಹತ್ತೇ ಪರ್ಸೆಂಟ್ ಇರೋ ಸಿಲಿಕಾನ್ ಅರ್ಧಕ್ಕಿಂತ ಹೆಚ್ಚು ಲಿಥಿಯಂ ಹೊರ್ತಾ ಇದೆ! 14 ಗ್ರಾಂ ಬೇಕಿದ್ದ ಕಡೆ 7.4 ಗ್ರಾಂ ಸಾಕಾಯ್ತು. ಆದ್ರೆ ಸಿಲಿಕಾನ್ ಇರೋ ಪದರವನ್ನ ಗ್ರಾಫೈಟ್‌ನಷ್ಟು ಗಟ್ಟಿಯಾಗಿ ಒತ್ತೋಕಾಗಲ್ಲ. ಸಾಂದ್ರತೆ 1.4 ಅಂತ ಹಿಡಿದ್ರೆ ಜಾಗ 5.3 ಘನ ಸೆಂಟಿಮೀಟರ್. ಉಳಿದಿದ್ದು ಹತ್ತಿರ ಹತ್ತಿರ 3. ಈಗ 26ರ ಬದಲು 23ರಲ್ಲಿ 5000 ಎಂಎಎಚ್ ಹಿಡಿಯಿತು. ಖಾಲಿಯಾದ ಜಾಗವನ್ನೂ ತುಂಬಿದ್ರೆ ಸುಮಾರು 5650. ಇಷ್ಟೇ, 13 ಪರ್ಸೆಂಟ್. ಒನ್‌ಪ್ಲಸ್‌ನ 5400ರಿಂದ 6000ಕ್ಕೆ ಹೋದ ಜಿಗಿತ 11 ಪರ್ಸೆಂಟ್ ಅನ್ನೋದನ್ನ ಪಕ್ಕದಲ್ಲಿಟ್ಟು ನೋಡಿ.

ಹಾಗಾದ್ರೆ ಸಿಲಿಕಾನ್ ಇನ್ನೂ ಜಾಸ್ತಿ ಹಾಕಬಹುದಲ್ವಾ ಅಂತ ಕೇಳಬಹುದು. ಕಂಪನಿಗಳು ಹಾಕ್ತಾನೂ ಇವೆ, ಆದ್ರೆ ಹೆದರಿ ಹೆದರಿ. ಡಬ್ಬಿ ತುಂಬ ಒಣಕಡಲೆ ಹಾಕಿ, ನೀರು ಹುಯ್ದು, ಮುಚ್ಚಳ ಬಿಗಿದ್ರೆ ಬೆಳಿಗ್ಗೆ ಏನಾಗಿರತ್ತೆ ಗೊತ್ತಲ್ಲ. ಸಿಲಿಕಾನ್ ಕಥೆನೂ ಅದೇ. ಲಿಥಿಯಂ ಪೂರ್ತಿ ತುಂಬಿದ್ರೆ ಗ್ರಾಫೈಟ್ ಸುಮಾರು 10 ಪರ್ಸೆಂಟ್ ಉಬ್ಬತ್ತೆ, ಸಿಲಿಕಾನ್ ಮೂರರಿಂದ ನಾಲ್ಕು ಪಟ್ಟು ದೊಡ್ಡದಾಗತ್ತೆ. ಡಿಸ್ಚಾರ್ಜ್ ಆದಾಗ ಮತ್ತೆ ಕುಗ್ಗತ್ತೆ. ಹೀಗೆ ಉಬ್ಬಿ ಕುಗ್ಗಿ ಕಣ ಬಿರುಕು ಬಿಡತ್ತೆ.

ಬಿರುಕು ಬಿಟ್ಟಿದ್ದಕ್ಕಿಂತ ಅದರ ನಂತರ ಆಗೋದು ಕೆಟ್ಟದ್ದು. ಆನೋಡ್ ಮೇಲೆ ಎಲೆಕ್ಟ್ರೋಲೈಟ್ ಒಡೆದು ಒಂದು ತೆಳು ಪೊರೆ ಕಟ್ಟಿಕೊಂಡಿರತ್ತೆ, ಹಾಲಿನ ಮೇಲೆ ಕೆನೆ ಕಟ್ಟೋ ಹಾಗೆ. ಆ ಪೊರೆ ಬೇಕು, ಅದೇ ಆನೋಡ್‌ನ ಕಾಪಾಡೋದು. ಆದ್ರೆ ಕಣ ಬಿರುಕು ಬಿಟ್ಟು ಹೊಸ ಮೈ ಹೊರಗೆ ಬಂದ್ರೆ ಅಲ್ಲಿ ಹೊಸ ಪೊರೆ ಕಟ್ಟಬೇಕು. ಪ್ರತಿ ಪೊರೆಗೂ ಒಂದಿಷ್ಟು ಲಿಥಿಯಂ ಖರ್ಚು, ಆ ಲಿಥಿಯಂ ಮತ್ತೆ ವಾಪಸ್ ಬರಲ್ಲ.

ಇಲ್ಲಿ ಕಾರ್ಬನ್ ಕೆಲಸಕ್ಕೆ ಬರತ್ತೆ. ಹೆಸರು ನೋಡಿ ಸಿಲಿಕಾನ್ ಪುಡಿನೂ ಕಾರ್ಬನ್ ಪುಡಿನೂ ಕಲಸಿಬಿಡ್ತಾರೆ ಅಂತ ನಾವೂ ಅಂದ್ಕೊಂಡಿದ್ವಿ. ಈಗ ಮುಂದಿರೋ ವಿಧಾನ ಬೇರೆ. ಸೆಟ್ ದೋಸೆ ಮೈಯಲ್ಲಿ ತೂತುಗಳಿರ್ತವಲ್ಲ, ಹಾಗೆ ನ್ಯಾನೋಮೀಟರ್ ಅಳತೆಯ ರಂಧ್ರಗಳಿರೋ ಕಾರ್ಬನ್ ಕಣ ಮೊದಲು ತಯಾರಿಸ್ತಾರೆ. ಬಿಸಿ ಮಾಡಿದ ಆ ಕಾರ್ಬನ್ ಮೇಲೆ ಸೈಲೇನ್, ಅಂದ್ರೆ SiH₄ ಅನಿಲ ಹರಿಸ್ತಾರೆ. ಅನಿಲ ಒಡೆದು ಸಿಲಿಕಾನ್ ರಂಧ್ರಗಳ ಒಳಗೋಡೆಗೆ ಅಂಟಿಕೊಳ್ಳತ್ತೆ. ರಂಧ್ರವನ್ನ ಪೂರ್ತಿ ತುಂಬಲ್ಲ, ಬೇಕಂತಲೇ ಖಾಲಿ ಬಿಡ್ತಾರೆ. ಚಾರ್ಜ್ ಆದಾಗ ಸಿಲಿಕಾನ್ ಆ ಖಾಲಿ ಜಾಗಕ್ಕೆ ಉಬ್ಬತ್ತೆ, ಕಣದ ಹೊರಮೈ ಹೆಚ್ಚು ಅಲುಗಾಡಲ್ಲ. ಕಣ ಇಷ್ಟು ಚಿಕ್ಕದಾದ್ರೆ ಬಿರುಕೂ ಕಡಿಮೆ. ಆದ್ರೆ ಗಮನಿಸಿ, ಖಾಲಿ ಬಿಟ್ಟ ಜಾಗನೂ ಜಾಗವೇ. ಹತ್ತು ಪಟ್ಟಿನಲ್ಲಿ ಒಂದು ಭಾಗ ಇಲ್ಲೇ ಕಳೆದುಹೋಯ್ತು.

ಈಗ ಬರೆಯದೇ ಬಿಟ್ಟ ಮೊದಲನೇ ಸಂಖ್ಯೆ: ಸೈಕಲ್. ಒಟ್ಟು ನೂರು ಪರ್ಸೆಂಟ್ ಖರ್ಚಾದ್ರೆ ಒಂದು ಸೈಕಲ್. ಇವತ್ತು 50, ನಾಳೆ 50 ಆದ್ರೂ ಒಂದೇ. ಪ್ರತಿ ಸೈಕಲ್‌ನಲ್ಲಿ 99.9 ಪರ್ಸೆಂಟ್ ಲಿಥಿಯಂ ವಾಪಸ್ ಬರತ್ತೆ ಅಂದ್ರೆ ಕೇಳೋಕೆ ಚೆನ್ನಾಗಿದೆ. ಆದ್ರೆ 0.999ನ್ನ 500 ಸಲ ಗುಣಿಸಿ ನೋಡಿ, 0.61 ಬರತ್ತೆ. ಒಂದೂವರೆ ವರ್ಷದೊಳಗೆ ಬ್ಯಾಟರಿ 61 ಪರ್ಸೆಂಟ್! 800 ಸೈಕಲ್ ಆದ್ಮೇಲೂ 80 ಪರ್ಸೆಂಟ್ ಉಳೀಬೇಕಂದ್ರೆ 99.97 ಬೇಕು. ಎರಡು ಬ್ಯಾಟರಿಗಳ ಎಂಎಎಚ್ ಒಂದೇ ಇದ್ರೂ ಎರಡನೇ ದಶಮಾಂಶ ಸ್ಥಾನದ ಈ ವ್ಯತ್ಯಾಸ ಒಂದನ್ನ ಮೂರನೇ ವರ್ಷಕ್ಕೂ ಉಳಿಸತ್ತೆ, ಇನ್ನೊಂದನ್ನ ಐದನೇ ಸೆಮಿಸ್ಟರ್‌ಗೇ ಪವರ್ ಬ್ಯಾಂಕ್‌ಗೆ ಕಟ್ಟಿಹಾಕತ್ತೆ.

ಎರಡನೇದು ವ್ಯಾಟ್-ಅವರ್. ಸಿಲಿಕಾನ್‌ನಿಂದ ಲಿಥಿಯಂ ಹೊರಗೆ ಬರೋ ವೋಲ್ಟೇಜ್ ಗ್ರಾಫೈಟ್‌ನದ್ದಕ್ಕಿಂತ ಜಾಸ್ತಿ. ಆನೋಡ್ ವೋಲ್ಟೇಜ್ ಏರಿದ್ರೆ ಇಡೀ ಸೆಲ್‌ನ ವೋಲ್ಟೇಜ್ ಇಳಿಯತ್ತೆ. 6000 ಎಂಎಎಚ್ ಸರಾಸರಿ 3.85 ವೋಲ್ಟ್‌ನಲ್ಲಿ ಬಂದ್ರೆ 23.1 ವ್ಯಾಟ್-ಅವರ್, 3.7ರಲ್ಲಿ ಬಂದ್ರೆ 22.2. ಪರದೆ ಉರಿಯೋದು ವ್ಯಾಟ್-ಅವರ್‌ನಿಂದ, ಎಂಎಎಚ್‌ನಿಂದಲ್ಲ.

ಇಷ್ಟಕ್ಕೆ ಸಿಲಿಕಾನ್-ಕಾರ್ಬನ್ ಬೇಡ ಅಂತ ನಾವು ಹೇಳ್ತಿಲ್ಲ. ದೊಡ್ಡ ಬ್ಯಾಟರಿಗೆ ಅದರದ್ದೇ ಒಂದು ಲಾಭ ಇದೆ. 5000 ಎಂಎಎಚ್‌ನಲ್ಲಿ ದಿನಕ್ಕೆ ಒಂದು ಸೈಕಲ್ ಮುಗಿಸೋರಿಗೆ 5650ರಲ್ಲಿ 0.88 ಸೈಕಲ್ ಸಾಕು. 800 ಸೈಕಲ್ 800 ದಿನದ ಬದಲು 900 ದಿನ ಬರತ್ತೆ. ಸೈಕಲ್ ಸಂಖ್ಯೆ ಒಂದೇ ಇದ್ರೆ ಹೊಸದೇ ಮೇಲು. ಒಂದೇ ಇದೆಯಾ ಅನ್ನೋದನ್ನ ಹೇಳ್ಬೇಕಾದವರು ಹೇಳ್ಬೇಕು, ಅಷ್ಟೇ.

ಇದೇನು ಆಗದ ಮಾತಲ್ಲ. ಯೂರೋಪಿಯನ್ ಯೂನಿಯನ್‌ನಲ್ಲಿ 2025ರ ಜೂನ್ 20ರಿಂದ ಹೊಸ ಫೋನ್‌ಗಳಿಗೆ ಇಂಧನ ಲೇಬಲ್ ಕಡ್ಡಾಯ. ಬ್ಯಾಟರಿ ಎಷ್ಟು ಸೈಕಲ್ ಬರತ್ತೆ ಅಂತ ಅದರ ಮೇಲೇ ಬರೆದಿರತ್ತೆ, 800 ಸೈಕಲ್ ಆದ್ಮೇಲೆ ಕನಿಷ್ಠ 80 ಪರ್ಸೆಂಟ್ ಉಳಿದಿರಬೇಕು ಅನ್ನೋ ನಿಯಮವೂ ಇದೆ. ನಮ್ಮ ಹಾಸ್ಟೆಲ್ ಕಾರಿಡಾರ್‌ನಲ್ಲಿ ಕಪಾಟಿನ ಮೇಲಿದ್ದ ಫೋನ್ ಬಾಕ್ಸ್‌ಗಳನ್ನ ಇಳಿಸಿ ನೋಡಿದ್ವಿ. ಒಂದರ ಮೇಲೂ ಸೈಕಲ್ ಸಂಖ್ಯೆ ಇರಲಿಲ್ಲ. ಅಮ್ಮ ಫ್ರಿಜ್ ತಗೊಳ್ಳೋವಾಗ ಸ್ಟಾರ್ ಎಣಿಸ್ತಾರೆ. ಫ್ರಿಜ್‌ಗಿರೋ ಮರ್ಯಾದೆ ಫೋನ್‌ಗೂ ಇರಲಿ ಅನ್ನೋದು ನಮ್ಮ ಬೇಡಿಕೆ.

ಅಲ್ಲೀವರೆಗೆ ನಾವು ಮಾಡಬಹುದಾದ್ದು ಸ್ವಲ್ಪ ಇದೆ. ಅಂಗಡಿಯಲ್ಲಿ ಸೈಕಲ್ ಎಷ್ಟು, ವ್ಯಾಟ್-ಅವರ್ ಎಷ್ಟು ಅಂತ ಕೇಳಿ. ಉತ್ತರ ಬರದಿದ್ರೆ ಅದೂ ಒಂದು ಉತ್ತರವೇ. ಸೆಕೆಂಡ್ ಹ್ಯಾಂಡ್ ತಗೊಳ್ಳೋದಾದ್ರೆ ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ಹೆಲ್ತ್ ನೋಡಿ. ಫೋನನ್ನ ಮೇಜಿನ ಮೇಲೆ ಮಲಗಿಸಿ, ಹಿಂಬದಿ ಸ್ವಲ್ಪವಾದ್ರೂ ಎದ್ದಿದ್ರೆ ಬೇಡ. ನಿಮ್ಮದೇ ಫೋನ್ ಹಾಗೆ ಉಬ್ಬಿದ್ರೆ ಚಾರ್ಜ್ ಮಾಡೋದು ನಿಲ್ಲಿಸಿ, ಒತ್ತಿ ಸರಿ ಮಾಡೋಕೆ ಮಾತ್ರ ಹೋಗ್ಬೇಡಿ.

ಇನ್ನೊಂದು ವಿಷಯ. ಗ್ರಾಫೈಟ್ ಮತ್ತು ಸಿಲಿಕಾನ್ ಬೆರೆತ ಆನೋಡ್‌ನಲ್ಲಿ ಬ್ಯಾಟರಿ ಇಳೀತಾ ಹೋದ ಹಾಗೆ ಮೊದಲು ಗ್ರಾಫೈಟ್ ಖಾಲಿಯಾಗತ್ತೆ, ಸಿಲಿಕಾನ್ ಕೊನೆಗೆ. ಅಂದ್ರೆ ಕೊನೆಯ 20 ಪರ್ಸೆಂಟ್‌ನಲ್ಲಿ ಹೆಚ್ಚು ದುಡಿಯೋದು, ಹೆಚ್ಚು ಕುಗ್ಗೋದು, ಸವೆಯೋದು ಅದೇ. ದಿನಾ ಫೋನ್ ಸ್ವಿಚ್ ಆಫ್ ಆಗೋವರೆಗೂ ರೀಲ್ಸ್ ನೋಡಿ ಆಮೇಲೆ ಚಾರ್ಜರ್ ಹುಡುಕೋ ಅಭ್ಯಾಸ ನಮ್ಮಲ್ಲಿ ತುಂಬ ಜನಕ್ಕಿದೆ. ಹೊಸ ಬ್ಯಾಟರಿಗೆ ಹಿಡಿಸದ ಅಭ್ಯಾಸ ಅದೇ.