"ಸ್ಟಾಪ್ ಹಾಕಿದ್ದೀನಲ್ಲ ಸಾರ್, ಇನ್ನೇನು ಭಯ?"

ಹೋದ ಭಾನುವಾರ ಸೆರಂಗೂನ್ ರಸ್ತೆಯಲ್ಲಿ ದೋಸೆ ತಿನ್ನುತ್ತ ಕೂತಿದ್ದಾಗ ನಮ್ಮ ಆಫೀಸಿನ ದಾವಣಗೆರೆ ಹುಡುಗನೊಬ್ಬ ಫೋನ್ ತೆಗೆದು ತನ್ನ ಟ್ರೇಡ್ ತೋರಿಸಿದ. ಖಾತೆಯಲ್ಲಿರುವುದು ಹದಿನೈದು ಸಾವಿರ ಸಿಂಗಪುರ ಡಾಲರ್. ಅದರ ಮೇಲೆ ಯೆನ್ ಎದುರು ಎರಡು ಲಕ್ಷ ಅಮೆರಿಕನ್ ಡಾಲರ್ ಕೊಂಡು ಕೂತಿದ್ದಾನೆ. "ಜಪಾನಿನವರು ಮಾರುಕಟ್ಟೆಗೆ ಇಳಿದರೆ ಏನಪ್ಪಾ ಮಾಡ್ತೀಯ?" ಅಂತ ಕೇಳಿದೆ. "ಅರವತ್ತು ಪಿಪ್ ಕೆಳಗೆ ಸ್ಟಾಪ್ ಹಾಕಿದ್ದೀನಲ್ಲ ಸಾರ್, ಇನ್ನೇನು ಭಯ? ಹೆಚ್ಚೆಂದರೆ ಸಾವಿರ ಡಾಲರ್ ಹೋಗುತ್ತೆ" ಅಂದ.

2015ರ ಜನವರಿಯಲ್ಲಿ ನಾನು ನನ್ನ ಹೆಂಡತಿಗೆ ಹೇಳಿದ್ದೂ ಹೆಚ್ಚುಕಡಿಮೆ ಇದೇ ಮಾತು. ಆ ಕಥೆಗೆ ಆಮೇಲೆ ಬರುತ್ತೇನೆ. ಮೊದಲು ಹುಡುಗನ ಲೆಕ್ಕದಲ್ಲಿ ಎಲ್ಲಿ ತಪ್ಪಿದೆ ಅಂತ ನೋಡೋಣ.

ಸ್ಟಾಪ್ ಆರ್ಡರ್ ಅಂದರೆ "ಈ ಬೆಲೆಗೆ ಮಾರು" ಅನ್ನುವ ಆದೇಶ ಅಲ್ಲ. "ಬೆಲೆ ಇಲ್ಲಿಗೆ ಮುಟ್ಟಿದರೆ, ಆಗ ಸಿಕ್ಕಿದ ಬೆಲೆಗೆ ಮಾರು" ಅನ್ನುವ ಆದೇಶ. ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ದಲ್ಲಾಳಿಗೆ "ಕ್ವಿಂಟಲ್‌ಗೆ ಐವತ್ತು ಸಾವಿರಕ್ಕಿಂತ ಕೆಳಗಿಳಿದರೆ ನನ್ನ ಮೂಟೆ ಮಾರಿಬಿಡಿ" ಅಂತ ಹೇಳಿ ಬಂದಂತೆ ಇದು. ಸಾಮಾನ್ಯ ದಿನ ಆತ ನಲವತ್ತೊಂಬತ್ತು ಸಾವಿರದ ಒಂಬೈನೂರಕ್ಕೆ ಮಾರಿ ದುಡ್ಡು ಕೊಡುತ್ತಾನೆ. ಆದರೆ ಮಂಡಿಯಲ್ಲಿ ಎಲ್ಲರೂ ಅದೇ ಮಾತು ಹೇಳಿ ಹೋಗಿದ್ದರೆ, ಕೊಳ್ಳುವವರು ಆ ಹೊತ್ತಿಗೆ ಊಟಕ್ಕೆ ಎದ್ದಿದ್ದರೆ? ದಲ್ಲಾಳಿ ನಿಮ್ಮ ಮಾತು ಮೀರಿಲ್ಲ. ಕೈಗೆ ಬಂದ ದುಡ್ಡು ಮಾತ್ರ ಬೇರೆ.

ಕೇಂದ್ರ ಬ್ಯಾಂಕುಗಳು ಮಧ್ಯಪ್ರವೇಶ ಮಾಡುವ ದಿನ ಆಗುವುದು ಹೀಗೆಯೇ. 2024ರ ಏಪ್ರಿಲ್ 29, ಸೋಮವಾರ. ಜಪಾನಿನಲ್ಲಿ ಶೋವಾ ದಿನದ ರಜೆ, ಟೋಕಿಯೋ ಮಾರುಕಟ್ಟೆ ಮುಚ್ಚಿತ್ತು. ಸಿಂಗಪುರದಲ್ಲಿ ನಾವೆಲ್ಲ ಕೆಲಸಕ್ಕೆ ಬಂದಿದ್ದೆವು. ಬೆಳಗ್ಗೆ ಡಾಲರ್ 160 ಯೆನ್ ದಾಟಿತು, 1990ರ ನಂತರ ಮೊದಲ ಸಲ. ಮಧ್ಯಾಹ್ನ ಊಟದ ಹೊತ್ತಿಗೆ ಕುಸಿಯಲು ಶುರುವಾಯಿತು. ಮೊದಲ ಅರ್ಧ ಗಂಟೆಯಲ್ಲೇ ಎರಡು ಮೂರು ಯೆನ್ ಇಳಿದು, ಸಂಜೆಯೊಳಗೆ 154ರ ಮನೆ ಮುಟ್ಟಿತ್ತು. ಆ ದಿನ ಯಾರೂ ಬಾಯಿ ಬಿಡಲಿಲ್ಲ. ಜಪಾನಿನ ಹಣಕಾಸು ಸಚಿವಾಲಯ ನಂತರ ಪ್ರಕಟಿಸಿದ ಲೆಕ್ಕದ ಪ್ರಕಾರ, ಅಂದು ಒಂದೇ ದಿನ ಅವರು ಡಾಲರ್ ಮಾರಿ ಕೊಂಡದ್ದು 5.9 ಲಕ್ಷ ಕೋಟಿ ಯೆನ್. ಅಲ್ಲಿ ತೀರ್ಮಾನ ಸಚಿವಾಲಯದ್ದು, ಬ್ಯಾಂಕ್ ಆಫ್ ಜಪಾನ್ ಅದರ ಪರವಾಗಿ ಆರ್ಡರ್ ಹಾಕುತ್ತದೆ ಅಷ್ಟೆ.

ರಜೆಯ ದಿನವನ್ನೇ ಯಾಕೆ ಆರಿಸಿಕೊಂಡರು? ಅವರು ಹೇಳಿಲ್ಲ. ಆದರೆ ಕಾರಣ ಊಹಿಸುವುದು ಕಷ್ಟವಲ್ಲ. ಕೊಳ್ಳುವವರು ಕಡಿಮೆ ಇರುವಾಗ ಅಷ್ಟೇ ದುಡ್ಡಿಗೆ ಬೆಲೆ ಹೆಚ್ಚು ಜರುಗುತ್ತದೆ. ಜರುಗಿದಂತೆಲ್ಲ ಡಾಲರ್ ಕೊಂಡವರ ಸ್ಟಾಪ್‌ಗಳು ಒಂದೊಂದಾಗಿ ಸಿಡಿಯುತ್ತವೆ. ಆ ಪ್ರತಿಯೊಂದು ಸ್ಟಾಪ್ ಕೂಡ ಡಾಲರ್ ಮಾರುವ ಆರ್ಡರ್ರೇ, ಅಂದರೆ ಸರ್ಕಾರ ಮಾಡುತ್ತಿರುವ ಕೆಲಸವನ್ನೇ ಅದೂ ಮಾಡುತ್ತದೆ. ಹಾಗಾಗಿ ನನ್ನ ಅಭಿಪ್ರಾಯ ಇಷ್ಟು: ಇಂಥ ದಿನ ನಿಮ್ಮ ಸ್ಟಾಪ್ ನಿಮ್ಮ ಕಾವಲುಗಾರ ಮಾತ್ರ ಅಲ್ಲ, ಕೇಂದ್ರ ಬ್ಯಾಂಕಿನ ಉರುವಲು ಕೂಡ. ಮೊದಲ ಬೆಂಕಿಕಡ್ಡಿ ಗೀರುವವರು ಅವರು, ಉರಿಯುವುದು ನಮ್ಮ ಸೌದೆ.

ಆದರೂ ಇಲ್ಲೊಂದು ಸಮಾಧಾನ ಇದೆ. ಕೇಂದ್ರ ಬ್ಯಾಂಕು ಮಾರುಕಟ್ಟೆಯೊಳಗೇ ಬಂದು ಮಾರುವಾಗ ದಾರಿಯುದ್ದಕ್ಕೂ ವ್ಯಾಪಾರ ನಡೆಯುತ್ತಿರುತ್ತದೆ. ಬೆಲೆ ಓಡುತ್ತದೆ, ಮಾಯವಾಗುವುದಿಲ್ಲ. ಅಂದು ಒಬ್ಬರು 159.60ಕ್ಕೆ ಒಂದು ಲಕ್ಷ ಡಾಲರ್ ಕೊಂಡು 159.00ಕ್ಕೆ ಸ್ಟಾಪ್ ಹಾಕಿದ್ದರು ಅಂದುಕೊಳ್ಳಿ. ಲೆಕ್ಕ ಹಾಕಿದ ನಷ್ಟ ಅರವತ್ತು ಸಾವಿರ ಯೆನ್. ಸ್ಟಾಪ್ ತಡವಾಗಿ 158.40ಕ್ಕೆ ತುಂಬಿದ್ದರೂ ನಷ್ಟ ಒಂದು ಲಕ್ಷದ ಇಪ್ಪತ್ತು ಸಾವಿರ. ದುಪ್ಪಟ್ಟು ನಿಜ, ಆದರೆ ಮನೆ ಮುಳುಗುವುದಿಲ್ಲ. ಅದೇ ವ್ಯಕ್ತಿ ಜಾಣತನ ಮಾಡಿ, "159ಕ್ಕೆ ಮುಟ್ಟಿದರೆ ಮಾರು, ಆದರೆ 158.80ಕ್ಕಿಂತ ಕಡಿಮೆಗೆ ಬೇಡ" ಅಂತ ಸ್ಟಾಪ್-ಲಿಮಿಟ್ ಹಾಕಿದ್ದರೆ? ಬೆಲೆ 158.80ನ್ನು ಹಾರಿ ದಾಟಿದ್ದರೆ ಆರ್ಡರ್ ತುಂಬುವುದೇ ಇಲ್ಲ. ಊಟ ಮುಗಿಸಿ ಬಂದು ನೋಡಿದರೆ 155. ನಷ್ಟ ನಾಲ್ಕು ಲಕ್ಷದ ಅರವತ್ತು ಸಾವಿರ ಯೆನ್. ಜಾರುವಿಕೆಗೆ ಹೆದರಿ ಲಿಮಿಟ್ ಹಾಕುವವರು ಇದನ್ನು ಒಮ್ಮೆ ಯೋಚಿಸಬೇಕು.

ನನಗೆ ಪೆಟ್ಟು ಬಿದ್ದದ್ದು ಇದಕ್ಕೆ ಪೂರ್ತಿ ಉಲ್ಟಾ ಸಂದರ್ಭದಲ್ಲಿ. ಮಧ್ಯಪ್ರವೇಶ ಶುರುವಾದಾಗ ಅಲ್ಲ, ನಿಂತಾಗ.

ಸ್ವಿಸ್ ನ್ಯಾಷನಲ್ ಬ್ಯಾಂಕ್ 2011ರ ಸೆಪ್ಟೆಂಬರ್ 6ರಂದು ಒಂದು ಗೆರೆ ಎಳೆದಿತ್ತು. ಒಂದು ಯೂರೋಗೆ 1.20 ಫ್ರಾಂಕ್, ಅದಕ್ಕಿಂತ ಕೆಳಗೆ ಇಳಿಯಲು ಬಿಡುವುದಿಲ್ಲ, ಎಷ್ಟು ಬೇಕಾದರೂ ಯೂರೋ ಕೊಳ್ಳುತ್ತೇವೆ ಅಂತ ಬಹಿರಂಗವಾಗಿ ಹೇಳಿತ್ತು. ಮೂರು ವರ್ಷಕ್ಕೂ ಹೆಚ್ಚು ಕಾಲ ಹೇಳಿದಂತೆ ನಡೆದುಕೊಂಡಿತು. 2015ರ ಜನವರಿ ಹೊತ್ತಿಗೆ ಬೆಲೆ 1.2010ರ ಹತ್ತಿರ ಅಲುಗಾಡದೆ ಕೂತಿತ್ತು. ಆ ತಿಂಗಳ 12ರಂದು ಕೂಡ ಅದರ ಉಪಾಧ್ಯಕ್ಷ ಜಾನ್-ಪಿಯರ್ ಡಾಂಥೀನ್, ಈ ಗೆರೆಯೇ ನಮ್ಮ ನೀತಿಯ ಆಧಾರಸ್ತಂಭವಾಗಿ ಇರಬೇಕು ಎಂಬ ಅರ್ಥದ ಮಾತನ್ನಾಡಿದ್ದರು. ಕೆಳಗೆ ಕೇಂದ್ರ ಬ್ಯಾಂಕೇ ನಿಂತಿದೆ, ಇನ್ನೇನು ಬೇಕು? 1.2012ಕ್ಕೆ ಒಂದು ಲಕ್ಷ ಯೂರೋ ಕೊಂಡೆ. 1.1980ಕ್ಕೆ ಸ್ಟಾಪ್. ಲೆಕ್ಕದ ನಷ್ಟ 320 ಫ್ರಾಂಕ್. ಖಾತೆಯಲ್ಲಿ ಎಂಟು ಸಾವಿರ ಸಿಂಗಪುರ ಡಾಲರ್ ಇತ್ತು.

ಜನವರಿ 15, ಗುರುವಾರ, ಸಿಂಗಪುರದಲ್ಲಿ ಸಂಜೆ ಐದೂವರೆ. ಗೆರೆಯನ್ನು ತೆಗೆದುಹಾಕಿದ್ದೇವೆ ಅಂತ ಜ್ಯೂರಿಕ್‌ನಿಂದ ಪ್ರಕಟಣೆ ಬಂತು. ನಾನು ಎಂಆರ್‌ಟಿಯಲ್ಲಿ ಮನೆಗೆ ಹೊರಟಿದ್ದೆ. ಕೆಲವೇ ನಿಮಿಷಗಳಲ್ಲಿ ಯೂರೋ ಒಂದು ಫ್ರಾಂಕ್‌ಗಿಂತ ಕೆಳಗೆ ಬಿದ್ದು, ಕೆಲವು ಕಡೆ 0.85ರ ಹತ್ತಿರದ ಬೆಲೆಯೂ ಕಾಣಿಸಿತು. ನನ್ನ ಸ್ಟಾಪ್ ಕೆಲಸ ಮಾಡಿತ್ತು. 1.0200ಕ್ಕೆ! ನಷ್ಟ 18,120 ಫ್ರಾಂಕ್, ಆಗಷ್ಟೇ ಏರಿದ ಫ್ರಾಂಕಿನ ದರದಲ್ಲಿ ಸುಮಾರು ಇಪ್ಪತ್ತೇಳು ಸಾವಿರ ಸಿಂಗಪುರ ಡಾಲರ್. ಇದ್ದ ಎಂಟು ಸಾವಿರ ಹೋಗಿ, ಮೇಲೆ ಹತ್ತೊಂಬತ್ತು ಸಾವಿರ ಕಟ್ಟಿ ಅಂತ ಬ್ರೋಕರ್‌ನಿಂದ ಮೇಲ್ ಬಂತು. ಮೈಸೂರಿನಲ್ಲಿ ಸೈಟಿಗೆ ಅಂತ ಕೂಡಿಟ್ಟಿದ್ದರಿಂದ ಕಂತಿನಲ್ಲಿ ಕಟ್ಟಿದೆ. ಆ ಸೈಟು ಇವತ್ತಿಗೂ ಬೇರೆಯವರದ್ದೇ. ಆ ಬ್ರೋಕರ್ ಹೆಸರು ಇಲ್ಲಿ ಬೇಡ, ಮೋಸವೇನೂ ಮಾಡಿರಲಿಲ್ಲ. ಇಂಥ ಸಾಲ ವಸೂಲಾಗದೆ ದೊಡ್ಡ ಬ್ರೋಕರ್‌ಗಳೇ ಕುಸಿದರು: ಬ್ರಿಟನ್ನಿನ ಅಲ್ಪಾರಿ ದಿವಾಳಿಯಾಯಿತು, ಎಫ್‌ಎಕ್ಸ್‌ಸಿಎಂ 30 ಕೋಟಿ ಡಾಲರ್ ಸಾಲ ತಂದು ಉಸಿರು ಉಳಿಸಿಕೊಂಡಿತು.

ಸ್ಟಾಪ್ ಯಾಕೆ 1.1980ಕ್ಕೆ ತುಂಬಲಿಲ್ಲ? ಆ ಬೆಲೆಗೆ ಕೊಳ್ಳುವವರು ಒಬ್ಬರೂ ಇರಲಿಲ್ಲ. ಮೂರು ವರ್ಷ 1.20ರಲ್ಲಿ ಕೈ ಚಾಚಿ ನಿಂತಿದ್ದ ಆ ಒಬ್ಬ ದೊಡ್ಡ ಖರೀದಿದಾರ ಎದ್ದು ಹೋಗಿದ್ದ. ಅವನಿದ್ದಾನೆ ಅಂತಲೇ ನನ್ನಂಥವರೆಲ್ಲ ಅವನ ಬೆನ್ನ ಹಿಂದೆ, 1.1990, 1.1980, 1.1950ರಲ್ಲಿ ಸ್ಟಾಪ್ ಪೇರಿಸಿಟ್ಟಿದ್ದೆವು. ಎಲ್ಲವೂ ಒಂದೇ ಕ್ಷಣದಲ್ಲಿ ಮಾರಲು ಹೊರಟವು. ಬೆಲೆ ಅಲುಗಾಡದೆ ಇದ್ದದ್ದನ್ನು ನಾನು ಸುರಕ್ಷತೆ ಅಂದುಕೊಂಡೆ. ಆ ಸ್ತಬ್ಧತೆಯೇ ನನಗೆ ಒಂದು ಲಕ್ಷ ಯೂರೋ ಕೊಳ್ಳುವ ಧೈರ್ಯ ಕೊಟ್ಟಿತ್ತು.

ಈ ದೃಷ್ಟಿಯಿಂದ ನಮ್ಮ ಎಂಎಎಸ್ ನನಗೆ ಬಹಳ ಬುದ್ಧಿವಂತ ಸಂಸ್ಥೆಯಾಗಿ ಕಾಣುತ್ತದೆ. 1981ರಿಂದ ಇಲ್ಲಿ ಹಣಕಾಸು ನೀತಿ ನಡೆಯುವುದು ಬಡ್ಡಿದರದಿಂದ ಅಲ್ಲ, ವಿನಿಮಯ ದರದಿಂದ. ವ್ಯಾಪಾರದ ಜೊತೆಗಾರ ದೇಶಗಳ ಕರೆನ್ಸಿಗಳ ಒಂದು ಬುಟ್ಟಿ, ಅದರ ಎದುರು ಸಿಂಗಪುರ ಡಾಲರ್ ಓಡಾಡಲು ಒಂದು ಪಟ್ಟಿ. ಪಟ್ಟಿಯ ಅಂಚಿಗೆ ಬಂದರೆ ಎಂಎಎಸ್ ಮಧ್ಯೆ ಬರುತ್ತದೆ. ಆದರೆ ಪಟ್ಟಿಯ ಅಗಲ ಎಷ್ಟು, ಬುಟ್ಟಿಯಲ್ಲಿ ಯಾವುದಕ್ಕೆ ಎಷ್ಟು ತೂಕ, ಇದನ್ನು ಅದು ಹೇಳುವುದಿಲ್ಲ. ಬ್ಯಾಂಕುಗಳ ವಿಶ್ಲೇಷಕರು ಅಂದಾಜು ಮಾಡುತ್ತಾರೆ, ಅಂದಾಜುಗಳು ಒಂದಕ್ಕೊಂದು ಹೊಂದುವುದಿಲ್ಲ. ಕಾಣುವ ಗೆರೆ ಇಲ್ಲದ್ದರಿಂದ ಅದರ ಹಿಂದೆ ಸಾಲುಗಟ್ಟಿ ಸ್ಟಾಪ್ ಪೇರಿಸಲೂ ಆಗುವುದಿಲ್ಲ.

ಸ್ವಿಸ್ ಆಘಾತದ ಹದಿಮೂರೇ ದಿನಕ್ಕೆ, ಜನವರಿ 28ರಂದು, ಎಂಎಎಸ್ ಕೂಡ ವೇಳಾಪಟ್ಟಿಗೆ ಹೊರತಾಗಿ ಪಟ್ಟಿಯ ಇಳಿಜಾರನ್ನು ಕಡಿಮೆ ಮಾಡಿತು. ಅಮೆರಿಕನ್ ಡಾಲರ್ ಎದುರು ಸಿಂಗಪುರ ಡಾಲರ್ ಇಳಿದದ್ದು ಶೇಕಡಾ ಒಂದರ ಆಸುಪಾಸು. ಇಲ್ಲಿನ ಮಟ್ಟಿಗೆ ಅದು ದೊಡ್ಡ ಇಳಿತ. ಸ್ಟಾಪ್‌ಗಳು ಜಾರಿರಬಹುದು, ಆದರೆ ಯಾರೂ ಸೈಟು ಕಳೆದುಕೊಳ್ಳಲಿಲ್ಲ. ಇದರಿಂದ "1.37 ದಾಟಲು ಎಂಎಎಸ್ ಬಿಡುವುದಿಲ್ಲ" ಅನ್ನುವ ಮಾತನ್ನು ನಂಬಿ ಸ್ಟಾಪ್ ಇಡುವವರಿಗೂ ಒಂದು ಮಾತು. ಎಂಎಎಸ್ ಕಾಯುವುದು ಬುಟ್ಟಿಯನ್ನು, ಅಮೆರಿಕನ್ ಡಾಲರಿನ ದರವನ್ನಲ್ಲ. ಡಾಲರ್ ಎಲ್ಲ ಕರೆನ್ಸಿಗಳ ಎದುರೂ ಏರಿದರೆ, ಬುಟ್ಟಿ ಇದ್ದಲ್ಲೇ ಇದ್ದು ನಿಮ್ಮ ಜೋಡಿ ಮಾತ್ರ ನೂರಾರು ಪಿಪ್ ಓಡಬಹುದು.

ಈಗ ನಾನು ಸ್ಟಾಪ್ ಹಾಕುವುದಿಲ್ಲ ಅಂತಲ್ಲ, ಹಾಕುತ್ತೇನೆ. ಎಷ್ಟು ಕೊಳ್ಳಬೇಕು ಅಂತ ತೀರ್ಮಾನಿಸುವಾಗ ಮಾತ್ರ ಅದನ್ನು ನೋಡುವುದಿಲ್ಲ. ಹತ್ತು ಸಾವಿರ ಡಾಲರ್ ಇದ್ದು, ಸಾವಿರ ಹೋದರೆ ಹೋಗಲಿ ಅನ್ನುವವರು, ಸ್ಟಾಪ್ ಶೇಕಡಾ 0.4 ದೂರ ಅಂತ ಲೆಕ್ಕ ಹಾಕಿದರೆ ಎರಡೂವರೆ ಲಕ್ಷದ ಟ್ರೇಡ್ ಮಾಡಬಹುದು ಅನ್ನಿಸುತ್ತದೆ. ಸಿಂಗಪುರದಲ್ಲಿ ಸಾಮಾನ್ಯ ಗ್ರಾಹಕರಿಗಿರುವ 20 ಪಟ್ಟಿನ ಮಿತಿಗಿಂತಲೂ ಹೆಚ್ಚು ಅದು. ಯೆನ್‌ನಂಥ ಜೋಡಿಯಲ್ಲಿ ಮಧ್ಯಪ್ರವೇಶದ ದಿನ ಶೇಕಡಾ 4 ಬಿದ್ದು, ಸ್ಟಾಪ್ ಕೈಕೊಟ್ಟರೆ ಅಂತ ಲೆಕ್ಕ ಹಾಕಿದರೆ ಅದೇ ಸಾವಿರಕ್ಕೆ ಇಪ್ಪತ್ತೈದು ಸಾವಿರ ಮಾತ್ರ. ಕೇಂದ್ರ ಬ್ಯಾಂಕು ಗೆರೆ ಎಳೆದು ಕಾಯುತ್ತಿರುವ ಜೋಡಿಯಾದರೆ ನಾನು ಶೇಕಡಾ 20 ಇಟ್ಟುಕೊಳ್ಳುತ್ತೇನೆ, ಅಂದರೆ ಐದೇ ಸಾವಿರ. ಕೆಲವು ಬ್ರೋಕರ್‌ಗಳು ಶುಲ್ಕ ತೆಗೆದುಕೊಂಡು ಖಾತರಿ ಸ್ಟಾಪ್ ಕೊಡುತ್ತಾರೆ, ಅದು ನಿಜಕ್ಕೂ ಬೆಲೆಯ ಭರವಸೆ. ಆದರೆ ಅಪಾಯ ಹತ್ತಿರ ಬಂದಾಗ ಅದರ ಶುಲ್ಕವೂ ಕನಿಷ್ಠ ದೂರವೂ ಏರುವುದನ್ನು ಕಂಡಿದ್ದೇನೆ.

ದೋಸೆ ಆರುತ್ತಿತ್ತು. ಹುಡುಗನ ಲೆಕ್ಕವನ್ನು ಪೇಪರ್ ನ್ಯಾಪ್ಕಿನ್ ಮೇಲೆ ಬರೆದು ತೋರಿಸಿದೆ. ಎರಡು ಲಕ್ಷ ಡಾಲರಿಗೆ ಶೇಕಡಾ 4 ಅಂದರೆ ಎಂಟು ಸಾವಿರ ಅಮೆರಿಕನ್ ಡಾಲರ್, ಅವನ ಹದಿನೈದು ಸಾವಿರದಲ್ಲಿ ಅರ್ಧಕ್ಕಿಂತ ಬಹಳ ಹೆಚ್ಚು. ಸ್ವಲ್ಪ ಹೊತ್ತು ನೋಡಿದ. "ಆದರೆ ಸಾರ್, 2024ರಲ್ಲಿ ಜೂನ್ ಮುಗಿಯೋ ಹೊತ್ತಿಗೆ ಮತ್ತೆ 160 ದಾಟಿತ್ತಲ್ಲ?" ಅಂದ. ದಾಟಿತ್ತು, ನಿಜ. "ಅಲ್ಲಿವರೆಗೆ ನಿನ್ನ ಖಾತೆ ಬದುಕಿರುತ್ತಿತ್ತಾ?" ಅಂದೆ. ಉತ್ತರ ಕೊಡಲಿಲ್ಲ, ಆದರೆ ಭಾನುವಾರ ಮಾರುಕಟ್ಟೆ ಮುಚ್ಚಿದ್ದರೂ ಫೋನ್ ತೆಗೆದು ಏನೋ ಒತ್ತಿ ನೋಡುತ್ತಿದ್ದ.