‘ಇವತ್ತೇ ಕೊನೇ ದಿನ’ ಎಂಬ ಬೋರ್ಡು

2025ರ ರಂಜಾನಿನಲ್ಲಿ ನನ್ನ ಪ್ರಥಮ ಪಿಯು ಪರೀಕ್ಷೆ ಮುಗಿದಿತ್ತು. ಮಧ್ಯಾಹ್ನದಿಂದ ತರಾವೀಹ್ ಮುಗಿದು ಅಂಗಡಿ ಮುಚ್ಚುವವರೆಗೆ ಮನಗೂಳಿಯ ನಮ್ಮ ಚಾಚಾನ ಬಟ್ಟೆ ಅಂಗಡಿಯಲ್ಲಿ ಗಲ್ಲೆಯ ಹತ್ತಿರ ಕೂಡುತ್ತಿದ್ದೆ. ಅಂಗಡಿಯ ಮುಂದೆ ಒಂದು ಬೋರ್ಡು ತೂಗುತ್ತಿತ್ತು: ‘ಭಾರೀ ಆಫರ್! ಇವತ್ತೇ ಕೊನೇ ದಿನ! ಕೆಲವೇ ಪೀಸ್ ಉಳಿದಿವೆ!’ ಅದು ಮೊದಲನೇ ರೋಜಾಕ್ಕೂ ಮುಂಚಿನಿಂದ ಅಲ್ಲೇ ಇತ್ತು.

ಐದನೇ ರೋಜಾದ ಸಂಜೆ ಹತ್ತಿರದ ಹಳ್ಳಿಯ ಒಬ್ಬ ಕಾಕಿ ಬಂದರು. ಮೂರು ದಿನದ ಹಿಂದೆ ಅವರೇ ಮಗನಿಗೆಂದು ಅಂಗಿ–ಪ್ಯಾಂಟಿನ ಪೀಸ್ ಒಯ್ದಿದ್ದರು. ಈ ಸಲ ದಾರ ಒಯ್ಯಲು ಬಂದವರು ಬೋರ್ಡು ನೋಡಿ, “ಅವತ್ತ ಕೊನೇ ದಿನ ಅಂದಿದ್ರಲ್ರಿ? ಸಂಘದಾಗ ಸಾಲಾ ತಗೊಂಡ ಬಂದಿದ್ದೆ ನಾ” ಅಂದರು. ಜಗಳ ಮಾಡಲಿಲ್ಲ. ದಾರಕ್ಕೆ ದುಡ್ಡು ಕೊಟ್ಟು ಹೋದರು. ಚಾಚಾ ಬಹಳ ಹೊತ್ತು ಲೆಕ್ಕದ ವಹಿ ನೋಡುತ್ತ ಕುಳಿತ. ಅದರಲ್ಲಿ ಆಗ ನೋಡುವಂಥದ್ದೇನೂ ಇರಲಿಲ್ಲ.

ಆ ರಾತ್ರಿ ಹೊಸ ಬೋರ್ಡು ಬರೆಯುವ ಮಾತು ಬಂತು. ಚಾಚಾನ ವಾದ ನಮ್ಮ ಪೇಟೆಯಲ್ಲಿ ಎಲ್ಲರೂ ಹೇಳುವುದೇ: “ಅವಸರ ಹಚ್ಚಲಿಲ್ಲಂದ್ರ ಗಿರಾಕಿ ನಾಳೆ ಬರ್ತೀನಿ ಅಂತಾನ, ನಾಳೆ ವಿಜಯಪುರದ ಬಸ್ ಹತ್ತತಾನ.” ಇದು ಸುಳ್ಳಲ್ಲ. ಗಿರಾಕಿಗೆ ಅವಸರ ಬೇಕು. ಆದರೆ ಆ ಅವಸರ ಅಂಗಡಿಯವನ ಬಾಯಿಯಿಂದ ಹುಟ್ಟಬಾರದು, ಹೊರಗಿನ ಯಾವುದೋ ನಿಜವಾದ ಕಾರಣದಿಂದ ಬರಬೇಕು ಎಂಬುದು ನನ್ನ ಮಾತು. ಅಂಥ ಕಾರಣ ಪಕ್ಕದ ಅಂಗಡಿಯಲ್ಲೇ ಕುಳಿತಿತ್ತು.

ಪಕ್ಕದಲ್ಲಿರುವುದು ಟೇಲರ್. ಎರಡು ಮಷೀನು, ದಿನಕ್ಕೆ ಆರು ಜೋಡಿ. 28ನೇ ರೋಜಾಕ್ಕೆ ಎಲ್ಲ ಬಟ್ಟೆ ಕೊಟ್ಟು ಮುಗಿಸಬೇಕೆಂದರೆ, 20ನೇ ರೋಜಾದ ರಾತ್ರಿ ಅವರ ಕೈಯಲ್ಲಿ 48 ಜೋಡಿಗಿಂತ ಹೆಚ್ಚು ಬಾಕಿ ಇರಬಾರದು. ಆಮೇಲೆ ಯಾರು ಕೈಮುಗಿದರೂ ಹಿಡಿಯುವುದಿಲ್ಲ. ಪೀಸ್ ಕೊಳ್ಳುವವನಿಗೆ ಇದಕ್ಕಿಂತ ದೊಡ್ಡ ಕೊನೇ ದಿನ ಯಾವುದಿದೆ?

ಇನ್ನು ರಿಯಾಯಿತಿಗೂ ಒಂದು ಕಾರಣ ಬೇಕಲ್ಲ. ಚಾಚಾ 120 ಪೀಸ್ ತಂದಿದ್ದ. ಒಂದಕ್ಕೆ 310 ರೂಪಾಯಿ ಬಿದ್ದಿತ್ತು, ಹಿಂದಿನ ದೀಪಾವಳಿಯಿಂದ 450ಕ್ಕೆ ಮಾರುತ್ತಿದ್ದ ಅದೇ ಮಾಲು. 20ನೇ ರೋಜಾದೊಳಗೆ ಅರ್ಧಕ್ಕಿಂತ ಹೆಚ್ಚು ಹೋದರೆ ಆ ರೊಕ್ಕದಲ್ಲಿ ಕೊನೇ ವಾರಕ್ಕೆ ರೆಡಿಮೇಡ್ ಮಾಲು ತರಬಹುದು, ಉದ್ರಿ ಕೇಳಬೇಕಿಲ್ಲ. ಅದಕ್ಕಾಗಿ 395ಕ್ಕೆ ಕೊಡಲು ಒಪ್ಪಿದ. ಪೀಸಿಗೆ 140 ಸಿಗುವಲ್ಲಿ 85 ಸಿಗುತ್ತದೆ, ಆದರೆ ಬೇಗ ಸಿಗುತ್ತದೆ.

ನಾವು ಬರೆದದ್ದು ಇಷ್ಟು:

‘ಅಂಗಿ–ಪ್ಯಾಂಟ್ ಪೀಸ್ 395 ರೂಪಾಯಿ. ನಮ್ಮಲ್ಲಿ ಇಲ್ಲಿಯವರೆಗೆ 450. ಈ ದರ 20ನೇ ರೋಜಾ, ಮಾರ್ಚ್ 21 ಶುಕ್ರವಾರ ರಾತ್ರಿ 10ರ ತನಕ. ಅಂದಿನ ನಂತರ ಟೇಲರ್ ಹಬ್ಬಕ್ಕೆ ಹೊಲಿಯಲು ಹಿಡಿಯುವುದಿಲ್ಲ. ಶನಿವಾರದಿಂದ ಮತ್ತೆ 450. ಒಟ್ಟು 120 ಪೀಸ್ ತಂದಿದ್ದೇವೆ, ಇಂದು ಉಳಿದದ್ದು: ___’

ಖಾಲಿ ಜಾಗದಲ್ಲಿ ಪ್ರತಿ ರಾತ್ರಿ ಎಣಿಸಿ ಸೀಮೆಸುಣ್ಣದಿಂದ ಬರೆಯುವುದು ನನ್ನ ಕೆಲಸ. ಎಣಿಸದ ದಿನ ಅಂಕಿ ಬರೆಯುವಂತಿಲ್ಲ. ‘ಕೆಲವೇ’ ಎಂಬ ಶಬ್ದ ಪೂರ್ತಿ ಬಿಟ್ಟೆವು. 90 ಪೀಸ್ ಇದ್ದಾಗಲೂ ಅದನ್ನು ಹೇಳಬಹುದು, ಒಂಬತ್ತು ಇದ್ದಾಗಲೂ ಹೇಳಬಹುದು. ‘ಹಬ್ಬದವರೆಗೆ’ ಎಂದೂ ಬರೆಯಲಿಲ್ಲ. ಚಂದ್ರ ಕಾಣುವುದು 29ಕ್ಕೋ 30ಕ್ಕೋ ಯಾರಿಗೆ ಗೊತ್ತು? ಆ ವರ್ಷ 29ಕ್ಕೇ ಕಂಡು ಮಾರ್ಚ್ 31ರಂದು ಈದ್ ಆಯಿತು. ಬರೀ ರೋಜಾದ ಲೆಕ್ಕ ಬರೆದರೆ ಮುಸ್ಲಿಮೇತರ ಗಿರಾಕಿಗೆ ತಿಳಿಯುವುದಿಲ್ಲ, ಅದಕ್ಕೇ ತಾರೀಖು, ವಾರ ಎರಡೂ ಹಾಕಿದೆವು. ವಾಟ್ಸಾಪಿನಲ್ಲಿ ತಿರುಗುವ ಚಿತ್ರಕ್ಕಂತೂ ತಾರೀಖು ಬೇಕೇ ಬೇಕು. ಇಲ್ಲದಿದ್ದರೆ ಅದು ಏಪ್ರಿಲಿನಲ್ಲೂ ‘ಇವತ್ತೇ’ ಅನ್ನುತ್ತಿರುತ್ತದೆ.

ಬೋರ್ಡಿಗಿಂತ ಕಷ್ಟವಾದದ್ದು ಬಾಯಿ. ಗಿರಾಕಿ ಎರಡು ಬಣ್ಣದ ನಡುವೆ ತೂಗಾಡುತ್ತಿದ್ದರೆ ಚಾಚಾನ ನಾಲಿಗೆಗೆ ತಾನಾಗಿಯೇ ಬರುತ್ತಿತ್ತು: “ಇದಕ್ಕ ಮೂರ್ ಮಂದಿ ಹೇಳಿಟ್ಟಾರ ನೋಡ್ರಿ.” ಯಾರೂ ಹೇಳಿಟ್ಟಿರಲಿಲ್ಲ. ಕೊಳ್ಳುವ ಮನಸ್ಸಿಲ್ಲದೆ ಬೆಲೆ ಏರಿಸಿ ಕೂಗಿ ಇನ್ನೊಬ್ಬನನ್ನು ಸಿಕ್ಕಿಸುವುದಕ್ಕೆ ಹದೀಸಿನಲ್ಲಿ ‘ನಜಶ್’ ಎನ್ನುತ್ತಾರೆ, ಅದು ನಿಷಿದ್ಧ. ಇಲ್ಲದ ಮೂರು ಮಂದಿಯನ್ನು ಅಂಗಡಿಯಲ್ಲಿ ನಿಲ್ಲಿಸುವುದು ಅದರ ತಮ್ಮನೇ ಎಂದು ನಾನಂದೆ. ಚಾಚಾ ನಕ್ಕ, ಆದರೆ ಬಿಟ್ಟ. ಬದಲಿಗೆ ನಾವು ರೂಢಿ ಮಾಡಿಕೊಂಡ ಮಾತು: “ಯಕ್ಕಾ, ಬಿಳೀದು ಒಂಬತ್ತ ಅದಾವ, ಬ್ಯಾರೆ ಬಣ್ಣ ಇನ್ನೂ ಭಾಳ ಅದಾವ. ಶುಕ್ರವಾರತನಾ ಇದ ರೇಟು. ವಿಚಾರ ಮಾಡಿ ಬರ್ರಿ.” ಅರ್ಧ ನಿಜವನ್ನು, ಅಂದರೆ ಬರೀ ‘ಒಂಬತ್ತೇ ಅದಾವ’ ಎಂಬುದನ್ನು ಹೇಳುವ ಆಸೆ ನನಗೂ ಆಗಿದೆ.

ಆನ್‌ಲೈನ್ ಅಂಗಡಿಗಳು ಇದೇ ಆಟವನ್ನು ದೊಡ್ಡದಾಗಿ ಆಡುತ್ತವೆ. ಮುಗಿದ ಮೇಲೆ ಮತ್ತೆ ಮೊದಲಿನಿಂದ ಓಡುವ ಗಡಿಯಾರ, ‘ಈಗ 30 ಜನ ಇದನ್ನೇ ನೋಡುತ್ತಿದ್ದಾರೆ’ ಎಂಬ ಸಾಲು. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಯಲ್ಲಿ ಇಂಥ 13 ತಂತ್ರಗಳನ್ನು ಹೆಸರಿಸಿ ನಿಷೇಧಿಸಿದ್ದಾರೆ. ಪಟ್ಟಿಯಲ್ಲಿ ಮೊದಲನೆಯದೇ ಸುಳ್ಳು ಅವಸರ. ಅದು ಮುಖ್ಯವಾಗಿ ಆನ್‌ಲೈನ್ ವ್ಯಾಪಾರಕ್ಕೆ. ನಮ್ಮಂಥ ಅಂಗಡಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದ್ದೇ ಇದೆ. ಮಾರುವ ಉದ್ದೇಶವಿಲ್ಲದ ಬೆಲೆ ತೋರಿಸಿ ಗಿರಾಕಿಯನ್ನು ಸೆಳೆಯುವುದನ್ನು ಅದು ಅನುಚಿತ ವ್ಯಾಪಾರ ಎನ್ನುತ್ತದೆ. ದೂರಿಗೆ 1915 ಎಂಬ ಸಹಾಯವಾಣಿಯೂ ಇದೆ. ಆದರೆ ಆ ಕಾಕಿ 1915ಕ್ಕೆ ಫೋನ್ ಮಾಡುವವರಲ್ಲ, ಇನ್ನೊಮ್ಮೆ ಅಂಗಡಿಗೆ ಬಾರದಿರುವವರು.

ನಿಜವಾದ ಪರೀಕ್ಷೆ ಶುಕ್ರವಾರದ್ದಲ್ಲ, ಶನಿವಾರದ್ದು. ಹಿಂದಿನ ರಾತ್ರಿ ಎಣಿಸಿದಾಗ 74 ಪೀಸ್ ಹೋಗಿದ್ದವು, 46 ಉಳಿದಿದ್ದವು. ಶನಿವಾರ ಬೆಳಿಗ್ಗೆ ನಾಲ್ವರು ಬಂದು 395 ಕೇಳಿದರು. ಕೊಟ್ಟಿದ್ದರೆ ಬೋರ್ಡಿನ ಅಷ್ಟೂ ಅಕ್ಷರ ಸುಳ್ಳಾಗುತ್ತಿತ್ತು, ಶುಕ್ರವಾರ ಓಡೋಡಿ ಬಂದವರು ಮೋಸಹೋದಂತಾಗುತ್ತಿತ್ತು. ಚಾಚಾ ಕೊಡಲಿಲ್ಲ. ಒಬ್ಬರು 450ಕ್ಕೆ ಒಯ್ದರು, ಮೂವರು ಎದ್ದು ಹೋದರು. ಈ ನಷ್ಟವನ್ನು ಮೊದಲೇ ಲೆಕ್ಕ ಹಾಕದವರು ಕೊನೇ ದಿನ ಎಂದು ಬರೆಯಲೇಬಾರದು ಎಂಬುದು ನನ್ನ ಅಭಿಪ್ರಾಯ.

ಆದರೆ ಕೈಯಲ್ಲಿ ಆ ದಿನ ರೊಕ್ಕ ಇಲ್ಲದವನನ್ನು ತಾರೀಖು ಸಾಲಕ್ಕೆ ದೂಡುತ್ತದಲ್ಲ? ಕಾಕಿಯ ನೆನಪಿನಿಂದ ಒಂದು ದಾರಿ ಇಟ್ಟಿದ್ದೆವು, ಅದನ್ನೂ ಬೋರ್ಡಿನ ಕೆಳಗೆ ಮೊದಲೇ ಬರೆದಿದ್ದೆವು. ಶುಕ್ರವಾರದೊಳಗೆ ಬಂದು ಪೀಸ್ ಆರಿಸಿ ಹೆಸರಿನ ಚೀಟಿ ಮಾಡಿಸಿದರೆ, ಮುಂಗಡ ಬೇಡ, ರವಿವಾರ ರಾತ್ರಿಯ ತನಕ 395ಕ್ಕೇ ಇಡುತ್ತೇವೆ. ವಾರದ ಪಗಾರ ಶನಿವಾರ ಸಿಗುವವರಿಗೆ ಇಷ್ಟು ಸಾಕಾಗಿತ್ತು. ಟೇಲರನ ಹತ್ತಿರ ಅಷ್ಟು ಜೋಡಿಯ ಜಾಗ ಹಿಡಿದಿಡಲು ಚಾಚಾ ಹೇಳಿದ್ದ. ಹನ್ನೊಂದು ಚೀಟಿ ಆದವು, ಎಂಟು ಜನ ಬಂದರು. ಉಳಿದ ಮೂರು ಪೀಸ್ ಸೋಮವಾರ 450ರ ಸಾಲಿಗೆ ಹೋದವು.

ಮಕ್ಕಳ ರೆಡಿಮೇಡ್ ಬಟ್ಟೆಗೂ ಇಂಥದೇ ಬೋರ್ಡು ಬರೆ ಎಂದು ಚಾಚಾ ಕೊನೇ ವಾರ ಕೇಳಿದ. ಅದಕ್ಕೆ ಟೇಲರ್ ಬೇಕಿಲ್ಲ, ಮಾಲು ತುಂಬಾ ಇತ್ತು, ದರ ಏರಿಸುವ ವಿಚಾರವೂ ಇರಲಿಲ್ಲ. ಇಬ್ಬರೂ ಕುಳಿತು ಕಾರಣ ಹುಡುಕಿದೆವು, ಸಿಗಲಿಲ್ಲ. ಬರೀ ದರ ಬರೆದು ತೂಗುಹಾಕಿದೆವು.